ಆರು ಲಕ್ಷದ ಸಂಬಳದಲ್ಲಿ ಕೈಗೆ ಬರೋದೆಷ್ಟು? ಅಪ್ಪನಿಗೆ ಸಿಟಿಸಿ ಬಿಡಿಸಿ ಹೇಳಿದ ಲೆಕ್ಕ

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಮಂಡ್ಯದಿಂದ ಮುಕ್ಕಾಲು ಗಂಟೆ ದಾರಿ. ಬೆಳಿಗ್ಗೆ ದನಗಳ ಮೈ ತೊಳೆದು, ಜಗುಲಿ ಮೇಲೆ ಕೂತು ಅಪ್ಪ ಕೊಂಬಿಗೆ ಬಳಿಯೋ ಬಣ್ಣ ಕಲಸುತ್ತಿದ್ದ. ಕೈ ಬಣ್ಣದಲ್ಲಿ ಇದ್ದ ಹಾಗೇ ಮಾತು ತೆಗೆದ.

"ಮನೆಗೆ ತಾರಸಿ ಹಾಕಿಸೋಣ ಅಂತಿದ್ದೀನಿ ಮಗ. ಬ್ಯಾಂಕಲ್ಲಿ ವಿಚಾರಿಸಿದೆ. ತಿಂಗಳಿಗೆ ಹದಿನೈದು ಸಾವಿರ ಕಂತು ಬೀಳುತ್ತಂತೆ. ನಿನಗೆ ಐವತ್ತು ಬರುತ್ತಲ್ಲ, ಕಷ್ಟ ಏನಿಲ್ಲ ಅಲ್ವಾ?"

ನನಗೆ ಐವತ್ತು ಬರಲ್ಲ. ಬರೋದು 36,800. ಆದರೆ ತಪ್ಪು ಅಪ್ಪನದಲ್ಲ. ಕೆಲಸ ಸಿಕ್ಕಾಗ ನಾನೇ ಫೋನ್ ಮಾಡಿ "ಆರು ಲಕ್ಷ ಪ್ಯಾಕೇಜ್ ಅಪ್ಪ" ಅಂದಿದ್ದೆ. ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ಐವತ್ತು ಸಾವಿರ. ಅಪ್ಪನ ಲೆಕ್ಕ ಸರಿಯಾಗೇ ಇತ್ತು. ಅವನ ಕೈಗೆ ಸಿಕ್ಕಿದ ಅಂಕಿಯೇ ಬೇರೆಯದು. ಒಂದೂವರೆ ವರ್ಷ ನಾನೂ ಅದನ್ನು ತಿದ್ದಿರಲಿಲ್ಲ. ಆವತ್ತು ಹೇಳಲೇಬೇಕಾಯಿತು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೂ ಅವರ ಮನೆಯವರಿಗೂ ಬೇಕಾಗುತ್ತೆ ಅಂತ ಆ ಲೆಕ್ಕವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ಆಫರ್ ಲೆಟರ್ ಪಕ್ಕದಲ್ಲಿಟ್ಟುಕೊಂಡು ಓದಿ. ಅಂಕಿಗಳು ಬೇರೆ ಇರುತ್ತವೆ, ಸಾಲುಗಳು ಹೆಚ್ಚುಕಡಿಮೆ ಇವೇ.

ಮೊದಲು: ಸಿಟಿಸಿ ಯಾರ ಲೆಕ್ಕ?

ಸಿಟಿಸಿ ಅಂದರೆ ಕಾಸ್ಟ್ ಟು ಕಂಪನಿ. ನನಗೋಸ್ಕರ ಕಂಪನಿಗೆ ವರ್ಷಕ್ಕೆ ಎಷ್ಟು ಖರ್ಚು ಬೀಳುತ್ತೆ ಅನ್ನೋ ಲೆಕ್ಕ. ಹೀಗಂದರೆ ಅಪ್ಪನಿಗೆ ಹತ್ತಲಿಲ್ಲ. ಅದಕ್ಕೆ ನಾಟಿ ವಿಷಯ ತೆಗೆದೆ.

"ಈ ಸಲ ನಾಟಿಗೆ ಹತ್ತು ಜನ ಹೆಂಗಸರನ್ನ ಕರೆಸಿದ್ದೆಯಲ್ಲ, ಒಬ್ಬೊಬ್ಬರಿಗೆ ಎಷ್ಟು ಬಿತ್ತು?"

"ಕೂಲಿ ನಾನೂರು. ಕರ್ಕೊಂಡು ಬಂದು ಬಿಡೋ ಗಾಡಿಗೆ ಎಂಟುನೂರು, ಅಲ್ಲಿಗೆ ತಲೆಗೆ ಎಂಬತ್ತು. ತಿಂಡಿ, ಊಟಕ್ಕೆ ತೊಂಬತ್ತು. ಟೀ, ಎಲೆ ಅಡಿಕೆ ಅಂತ ಇಪ್ಪತ್ತು ಆಗುತ್ತೆ. ಒಟ್ಟು ಐನೂರ ತೊಂಬತ್ತು."

"ಸಂಜೆ ಅವರು ಸೆರಗಿಗೆ ಕಟ್ಟಿಕೊಂಡು ಹೋಗಿದ್ದೆಷ್ಟು?"

"ನಾನೂರು."

ನಿನಗೆ ಬಿದ್ದ ಆ 590 ಸಿಟಿಸಿ, ಅವರು ಕಟ್ಟಿಕೊಂಡು ಹೋದ 400 ಕೈಗೆ ಬರೋ ಸಂಬಳ ಅಂದೆ. ಗಾಡಿ, ಊಟ ಎರಡೂ ಅವರಿಗೇ ಸೇರಿದ್ದು, ಸುಳ್ಳಲ್ಲ. ಆದರೆ ಅದರಲ್ಲಿ ಅವರು ಸಂಘದ ಕಂತು ಕಟ್ಟೋಕೆ ಆಗಲ್ಲ. ಅಪ್ಪ ಬಣ್ಣದ ಬಟ್ಟಲು ಕೆಳಗಿಟ್ಟ. ಅಲ್ಲಿಂದ ಮುಂದೆ ಅವನೇ ಕೇಳುತ್ತಾ ಹೋದ.

ಎರಡನೆಯದು: ಅನೆಕ್ಸರ್ ಹುಡುಕಿ

ಆಫರ್ ಲೆಟರಿನ ಮೊದಲ ಪುಟದಲ್ಲಿ ದೊಡ್ಡ ಅಂಕಿ ಮಾತ್ರ ಇರುತ್ತೆ. ಬಿಡಿ ಲೆಕ್ಕ ಇರೋದು ಕೊನೆಯ ಅನೆಕ್ಸರ್ ಪುಟದಲ್ಲಿ. ಅದನ್ನು ಕೊಡದಿದ್ದರೆ ಒಪ್ಪಿಗೆ ಹೇಳುವ ಮೊದಲೇ ಕೇಳಿ ತರಿಸಿಕೊಳ್ಳಿ. ಕೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ.

ಮೊಬೈಲಲ್ಲಿ ನನ್ನ ಅನೆಕ್ಸರ್ ತೆಗೆದು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ. ವರ್ಷದ ಲೆಕ್ಕ ಹೀಗಿದೆ:

ಬೇಸಿಕ್ – 3,00,000
ಮನೆ ಬಾಡಿಗೆ ಭತ್ಯೆ (ಎಚ್‌ಆರ್‌ಎ) – 1,20,000
ಸ್ಪೆಷಲ್ ಅಲೋಯನ್ಸ್ – 60,000
ಕಂಪನಿ ಕಟ್ಟುವ ಪಿಎಫ್ – 36,000
ಗ್ರಾಚ್ಯುಟಿ – 14,423
ಆರೋಗ್ಯ ವಿಮೆಯ ಪ್ರೀಮಿಯಂ – 9,577
ವೇರಿಯಬಲ್ ಪೇ – 60,000
ಒಟ್ಟು – 6,00,000

ಮೇಲಿನ ಮೂರು ಸಾಲು ಮಾತ್ರ ತಿಂಗಳು ತಿಂಗಳು ಸಂಬಳದ ಲೆಕ್ಕಕ್ಕೆ ಬರುತ್ತವೆ. ಮೂರೂ ಸೇರಿ 4,80,000, ಅಂದರೆ ತಿಂಗಳಿಗೆ 40,000. ಇದಕ್ಕೆ ಗ್ರಾಸ್ ಅಂತಾರೆ. ಕೆಳಗಿನ ನಾಲ್ಕು ಸಾಲು ಸೇರಿ 1,20,000. ಐವತ್ತರಲ್ಲಿ ತಿಂಗಳಿಗೆ ಹತ್ತು ಸಾವಿರ ಇಲ್ಲೇ ಹೋಯಿತು. ಇದು ನನ್ನ ಪೇ ಸ್ಲಿಪ್‌ನಲ್ಲಿ ಕಡಿತ ಅಂತ ಕಾಣಿಸೋದೇ ಇಲ್ಲ. ಅದಕ್ಕೇ ಎಷ್ಟೋ ಜನ ಪೇ ಸ್ಲಿಪ್ ಹಿಡಿದುಕೊಂಡು "ಬರೀ ಮೂರು ಸಾವಿರ ಕಟ್ ಆಗಿದೆ, ಮಿಕ್ಕಿದ್ದು ಎಲ್ಲಿ?" ಅಂತ ಹುಡುಕುತ್ತಾರೆ.

ಆ ನಾಲ್ಕು ಸಾಲಿನ ಒಳಗೆ ಏನಿದೆ

ಅಪ್ಪ ಬೆರಳಿಟ್ಟದ್ದು ವೇರಿಯಬಲ್ ಮೇಲೆ. ಅರವತ್ತು ಸಾವಿರ, ದೊಡ್ಡ ಅಂಕಿ.

ಅದು ಬೇಸಿಗೆ ಬೆಳೆ ಇದ್ದ ಹಾಗೆ ಅಂದೆ. ಕಟ್ಟೆಯಲ್ಲಿ ನೀರಿದ್ದು ನಾಲೆಗೆ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಂಪನಿಗೆ ಎಷ್ಟು ಲಾಭ ಬಂತು, ನನ್ನ ಕೆಲಸಕ್ಕೆ ಮ್ಯಾನೇಜರ್ ಯಾವ ರೇಟಿಂಗ್ ಕೊಟ್ಟರು ಅನ್ನೋದರ ಮೇಲೆ ವರ್ಷಕ್ಕೊಮ್ಮೆ ಬರುತ್ತೆ. ಹೋದ ವರ್ಷ ನೂರಕ್ಕೆ ಎಪ್ಪತ್ತು ಕೊಟ್ಟರು. ಅರವತ್ತು ಸಾವಿರದಲ್ಲಿ ಬಂದಿದ್ದು 42,000. ಇನ್ನೂ ಒಂದು ಷರತ್ತು ಎಷ್ಟೋ ಕಡೆ ಇರುತ್ತೆ: ಅದನ್ನು ಕೊಡೋ ದಿನ ನೀವು ಕೆಲಸದಲ್ಲಿ ಇರಬೇಕು. ಒಂದು ವಾರ ಮುಂಚೆ ಬಿಟ್ಟರೂ ಇಡೀ ವರ್ಷದ್ದು ಹೋಗಬಹುದು. ಆಫರ್ ಲೆಟರಿನಲ್ಲಿ ಈ ವಾಕ್ಯವನ್ನು ಹುಡುಕಿ ಓದಿ.

"ಬೇಸಿಗೆ ಬೆಳೆ ನಂಬಿ ಸಾಲ ಮಾಡಬಾರದು" ಅಂದ ಅಪ್ಪ. ಇದನ್ನು ನಾನು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಎರಡನೇ ಸಾಲು ಪಿಎಫ್. ಬೇಸಿಕ್ 25,000ದ ನೂರಕ್ಕೆ 12ರಂತೆ ಕಂಪನಿ ತಿಂಗಳಿಗೆ 3,000 ಕಟ್ಟುತ್ತೆ. ಈ ದುಡ್ಡು ನನ್ನದೇ. ಆದರೆ ಪಿಎಫ್ ಖಾತೆಗೆ ಹೋಗುತ್ತೆ, ಬ್ಯಾಂಕ್ ಖಾತೆಗೆ ಬರಲ್ಲ. 2024–25ನೇ ಸಾಲಿಗೆ ಇದಕ್ಕೆ 8.25 ಬಡ್ಡಿ ಕೊಟ್ಟಿದ್ದಾರೆ. ಕಂಪನಿ ಕಟ್ಟುವ ಭಾಗದಲ್ಲಿ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತೆ ಅಂತ ನೀವು ಕೇಳಿರಬಹುದು. ಅದು ಎಲ್ಲರಿಗೂ ಅಲ್ಲ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರು, ಸೇರುವಾಗಲೇ ಬೇಸಿಕ್ 15,000ಕ್ಕಿಂತ ಜಾಸ್ತಿ ಇದ್ದರೆ, ಪಿಂಚಣಿ ಯೋಜನೆಗೆ ಬರಲ್ಲ. ಅಂಥವರಿಗೆ ಪೂರ್ತಿ 3,000 ಪಿಎಫ್‌ಗೇ ಜಮಾ ಆಗುತ್ತೆ. ನನ್ನದು ಹಾಗೇ. ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಖಾಲಿ ಇದ್ದರೆ ಗಾಬರಿ ಬೀಳುವ ಮೊದಲು ಇದನ್ನು ನೋಡಿಕೊಳ್ಳಿ.

ಮೂರನೆಯದು ಗ್ರಾಚ್ಯುಟಿ. ಇಲ್ಲಿ ಅಪ್ಪ ಸ್ವಲ್ಪ ಬೇಜಾರಾದ. ದುಡಿದ ಒಂದೊಂದು ವರ್ಷಕ್ಕೂ ಹದಿನೈದು ದಿನದ ಸಂಬಳದಂತೆ, ಕೆಲಸ ಬಿಡುವಾಗ ಕೊಡೋ ದುಡ್ಡು ಇದು. ತಿಂಗಳಿಗೆ 26 ದಿನ ಅಂತ ಲೆಕ್ಕ. 25,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 14,423 ಬರುತ್ತೆ. ಅನೆಕ್ಸರ್‌ನಲ್ಲಿ ಇರೋದೂ ಅದೇ ಅಂಕಿ. ಕಾಯಂ ನೌಕರನಿಗೆ ಇದು ಕೈಗೆ ಬರಬೇಕಾದರೆ ಅದೇ ಕಂಪನಿಯಲ್ಲಿ ಐದು ವರ್ಷ ಆಗಿರಬೇಕು.

"ನಾಲ್ಕು ವರ್ಷಕ್ಕೆ ಬಿಟ್ಟರೆ?"

"ಬರಲ್ಲ."

"ಮತ್ತೆ ನಿನ್ನ ಸಂಬಳ ಅಂತ ಯಾಕೆ ಬರೆದಿದ್ದಾರೆ?"

ನ್ಯಾಯವಾದ ಪ್ರಶ್ನೆ. ಮುಂದೆ ಕೊಡಬೇಕಾಗಬಹುದು ಅಂತ ಕಂಪನಿ ಪ್ರತಿ ವರ್ಷ ಅಷ್ಟು ದುಡ್ಡನ್ನು ತೆಗೆದಿಡಬೇಕು, ಹಾಗಾಗಿ ಅದು ಅವರಿಗೆ ಖರ್ಚು. ನನಗೆ ಮಾತ್ರ ಐದು ವರ್ಷ ತುಂಬೋವರೆಗೂ ಅದು ಕಾಗದದ ಮೇಲಿನ ದುಡ್ಡು. ಹಾಗಾಗಿ ಎರಡು ಮೂರು ವರ್ಷಕ್ಕೆ ಕೆಲಸ ಬದಲಾಯಿಸುವ ಯೋಚನೆ ಇರುವವರು ಈ ಸಾಲನ್ನು ಹೊಡೆದು ಹಾಕಿಯೇ ಸಿಟಿಸಿ ನೋಡಬೇಕು ಅನ್ನೋದು ನನ್ನ ಅಭಿಪ್ರಾಯ. ನೌಕರ ತೀರಿಕೊಂಡರೆ ಅಥವಾ ಅಂಗವಿಕಲನಾದರೆ ಮಾತ್ರ ಐದು ವರ್ಷದ ಷರತ್ತು ಇಲ್ಲ. ಇದನ್ನು ಮನೆಯವರಿಗೆ ಹೇಳಿಟ್ಟಿರಬೇಕು, ಆ ಹೊತ್ತಿನಲ್ಲಿ ಕೇಳುವವರು ಅವರೇ.

ಕೊನೆಯದು ವಿಮೆ. ಒಳಗಿಂದ ಎಳ್ಳು ಬೆಲ್ಲದ ತಟ್ಟೆ ತಂದ ಅವ್ವ ಈ ಮಾತಿಗೆ ಅಲ್ಲೇ ನಿಂತಳು. "ನಮ್ಮಿಬ್ಬರಿಗೂ ಇದೆಯಾ ಅದರಲ್ಲಿ?" ನನಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷದಿಂದ ನಾನು ವಿಮೆ ಕಾರ್ಡನ್ನು ತೆಗೆದೂ ನೋಡಿರಲಿಲ್ಲ. ಅಲ್ಲೇ ಕಂಪನಿಯ ಸೈಟ್ ತೆರೆದು ನೋಡಿದರೆ ನನ್ನ ಹೆಸರು ಮಾತ್ರ ಇತ್ತು. ಅಪ್ಪ ಅವ್ವನನ್ನು ಸೇರಿಸಬಹುದು, ಆದರೆ ಅವರ ಪ್ರೀಮಿಯಂ ನನ್ನ ಸಂಬಳದಲ್ಲೇ ಕಟ್ ಆಗುತ್ತೆ, ಅದೂ ವರ್ಷಕ್ಕೊಮ್ಮೆ ಅವಕಾಶ ತೆರೆದಾಗ ಮಾತ್ರ. ನೀವು ಕೇಳಬೇಕಾದ ಪ್ರಶ್ನೆ ಮೂರು: ಯಾರ್ಯಾರಿಗೆ ಇದೆ, ಎಷ್ಟು ಲಕ್ಷದವರೆಗೆ ಇದೆ, ಹೊಸಬರನ್ನು ಯಾವಾಗ ಸೇರಿಸಬಹುದು. ಕೆಲಸ ಬಿಟ್ಟಾಗ ಈ ವಿಮೆಯೂ ನಿಲ್ಲುತ್ತೆ ಅನ್ನೋದು ನೆನಪಿರಲಿ.

ಮೂರನೆಯದು: ಗ್ರಾಸ್‌ನಿಂದ ಕೈಗೆ

ಈಗ 40,000 ಉಳಿದಿದೆ. ಇದರಿಂದಲೂ ಕಟ್ ಆಗುತ್ತೆ, ಆದರೆ ಇದು ಬೇರೆ ಥರದ್ದು. ಡೇರಿಯ ಬಟವಾಡೆ ಉದಾಹರಣೆ ಕೊಟ್ಟೆ. ಹದಿನೈದು ದಿನ ಹಾಕಿದ ಹಾಲಿಗೆ ಇಷ್ಟು ಅಂತ ಮೇಲೆ ಬರೆದು, ಅದರಲ್ಲಿ ಫೀಡ್ ಮೂಟೆಯ ದುಡ್ಡು ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತಾರಲ್ಲ, ಹಾಗೆ. ಇದು ಪೇ ಸ್ಲಿಪ್‌ನಲ್ಲಿ ಕಣ್ಣಿಗೆ ಕಾಣುತ್ತೆ.

ನನ್ನ ಪಾಲಿನ ಪಿಎಫ್ 3,000. ಕಂಪನಿ ಕಟ್ಟುವ 3,000 ಬೇರೆ, ಇದು ಬೇರೆ. ಎರಡೂ ಸೇರಿ ತಿಂಗಳಿಗೆ 6,000 ನನ್ನ ಪಿಎಫ್ ಖಾತೆಗೆ ಬೀಳುತ್ತೆ. ಆಮೇಲೆ ವೃತ್ತಿ ತೆರಿಗೆ 200. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚು ಇರುವವರಿಗೆ ಇದು ಬೀಳುತ್ತೆ. ಹನ್ನೊಂದು ತಿಂಗಳು 200, ಫೆಬ್ರವರಿಯಲ್ಲಿ 300, ವರ್ಷಕ್ಕೆ ಒಟ್ಟು 2,500.

ಆದಾಯ ತೆರಿಗೆ ಸೊನ್ನೆ. ಹೊಸ ಪದ್ಧತಿಯಲ್ಲಿ 2025–26ನೇ ಸಾಲಿನಿಂದ ಸಂಬಳದಾರರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು, 12 ಲಕ್ಷದವರೆಗೆ ತೆರಿಗೆ ಕಟ್ಟಬೇಕಿಲ್ಲ. ಅಂದರೆ 12,75,000ದವರೆಗಿನ ಸಂಬಳಕ್ಕೆ ತೆರಿಗೆ ಇಲ್ಲ.

40,000ದಲ್ಲಿ 3,200 ಕಳೆದರೆ 36,800. ಬ್ಯಾಂಕಿನಿಂದ ಬಂದ ಮೆಸೇಜ್ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಕ್ಯಾಲೆಂಡರ್ ಹಾಳೆಯ ಅಂಕಿಗೂ ಮೆಸೇಜಿನ ಅಂಕಿಗೂ ತಾಳೆಯಾಯಿತು.

"ಅವನಿಗೆ ಹೇಗೆ ನಲವತ್ನಾಲ್ಕು ಬರುತ್ತೆ?"

ಚಿಕ್ಕಪ್ಪನ ಮಗನಿಗೂ ಆರು ಲಕ್ಷವೇ. ಅವನಿಗೆ ತಿಂಗಳಿಗೆ 44,200 ಬರುತ್ತೆ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಪ್ಪನಿಗೆ ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನೋ ಅನುಮಾನ ಬಂದಿರಬೇಕು. ನೇರವಾಗಿ ಹೇಳಲಿಲ್ಲ, ಮುಖದಲ್ಲಿ ಕಂಡಿತು. ಅವನಿಗೇ ಫೋನ್ ಮಾಡಿ ಅನೆಕ್ಸರ್ ತರಿಸಿಕೊಂಡೆ.

ವ್ಯತ್ಯಾಸ ಎರಡೇ ಸಾಲಿನಲ್ಲಿ ಇತ್ತು. ಅವನಿಗೆ ವೇರಿಯಬಲ್ ಇಲ್ಲ, ಎಲ್ಲ ತಿಂಗಳ ಸಂಬಳದಲ್ಲೇ ಇದೆ. ಇನ್ನೊಂದು, ಅವನ ಬೇಸಿಕ್ ಕೂಡ 25,000ವೇ ಆದರೂ ಅವನ ಕಂಪನಿ ಅದರಲ್ಲಿ 15,000ದ ಮಿತಿಯವರೆಗೆ ಮಾತ್ರ ನೂರಕ್ಕೆ 12ರಂತೆ ಪಿಎಫ್ ಕಟ್ಟುತ್ತೆ. ಕಾನೂನು ಅದಕ್ಕೆ ಅವಕಾಶ ಕೊಡುತ್ತೆ. ಹಾಗಾಗಿ ಕಂಪನಿಯದು 1,800, ಅವನದು 1,800. ಗ್ರಾಚ್ಯುಟಿ, ವಿಮೆ ನನ್ನಷ್ಟೇ. ವರ್ಷದ ಆರು ಲಕ್ಷದಲ್ಲಿ ಪಿಎಫ್ 21,600, ಗ್ರಾಚ್ಯುಟಿ 14,423, ವಿಮೆ 9,577 ಕಳೆದರೆ 5,54,400, ಅಂದರೆ ತಿಂಗಳಿಗೆ 46,200. ಅದರಲ್ಲಿ 1,800 ಮತ್ತು 200 ಹೋದರೆ 44,200.

ಒಂದೇ ಆರು ಲಕ್ಷ, ತಿಂಗಳಿಗೆ 7,400 ವ್ಯತ್ಯಾಸ. ಆದರೆ ಅವನ ಪಿಎಫ್‌ಗೆ ತಿಂಗಳಿಗೆ ಬೀಳೋದು 3,600, ನನ್ನದಕ್ಕೆ 6,000. ವೇರಿಯಬಲ್ ಪೂರ್ತಿ ಬಂದ ವರ್ಷ ನಾನು ಅವನಿಗೆ ಸಮ, ಬರದ ವರ್ಷ ಹಿಂದೆ. ನನ್ನನ್ನು ಕೇಳಿದರೆ, ಎರಡು ಆಫರ್ ಕೈಯಲ್ಲಿದ್ದಾಗ ಸಿಟಿಸಿ ಹೋಲಿಸುವುದನ್ನೇ ಬಿಡಬೇಕು. ಮೊದಲು ಎರಡರ ಕೈಗೆ ಬರುವ ದುಡ್ಡು ಹೋಲಿಸಿ, ಆಮೇಲೆ ಪಿಎಫ್, ಕೊನೆಗೆ ವೇರಿಯಬಲ್. ಸೇರುವಾಗ ಕೊಡುವ ಜಾಯ್ನಿಂಗ್ ಬೋನಸ್ ಸಿಟಿಸಿಯಲ್ಲಿ ಸೇರಿದ್ದರೆ ಅದನ್ನೂ ತೆಗೆದೇ ನೋಡಿ. ಅದು ಒಂದೇ ಸಲ ಬರೋದು. ಎಷ್ಟೋ ಕಡೆ ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು.

ಬೇಸಿಕ್ ತೀರಾ ಕಡಿಮೆ ಇಟ್ಟು ಅಲೋಯನ್ಸ್ ಜಾಸ್ತಿ ತೋರಿಸುವ ಆಫರ್‌ಗಳೂ ಇವೆ. ಕೈಗೆ ಜಾಸ್ತಿ ಬರುತ್ತೆ, ಪಿಎಫ್ ಮತ್ತು ಗ್ರಾಚ್ಯುಟಿ ಸೊರಗುತ್ತವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಇದಕ್ಕೊಂದು ಕಡಿವಾಣ ಇದೆ. ಇಂಥ ಅಲೋಯನ್ಸ್‌ಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ವೇತನ ಅಂತಲೇ ಲೆಕ್ಕ ಹಿಡಿಯಬೇಕು.

ನಾಲ್ಕನೆಯದು: ಹೋದ ದುಡ್ಡು ಸೇರಿದೆಯಾ ನೋಡಿ

"ಹಿಡಿದುಕೊಂಡ ದುಡ್ಡು ಅವರು ಕಟ್ಟೇ ಕಟ್ಟುತ್ತಾರೆ ಅಂತ ಏನು ಗ್ಯಾರಂಟಿ?" ಅಂತ ಅಪ್ಪ ಕೇಳಿದ. ಸೊಸೈಟಿ ಸಾಲದ ಕಂತು ಕಟ್ಟಿಸಿಕೊಂಡು ಪುಸ್ತಕದಲ್ಲಿ ಬರೆಯದೇ ಬಿಟ್ಟ ಹಳೇ ಕತೆ ಅವನಿಗೆ ಗೊತ್ತು.

ಗ್ಯಾರಂಟಿ ಇಲ್ಲ, ನಾವೇ ನೋಡಬೇಕು. ಪೇ ಸ್ಲಿಪ್‌ನಲ್ಲಿ ನಿಮ್ಮ ಯುಎಎನ್ ಸಂಖ್ಯೆ ಇರುತ್ತೆ. passbook.epfindia.gov.in ತಾಣದಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಅದನ್ನು ಹಾಕಿ ಪಾಸ್‌ಬುಕ್ ತೆರೆಯಿರಿ. ಒಂದು ತಿಂಗಳ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಹಾಗಾಗಿ 20–25ರ ಸುಮಾರಿಗೆ ನೋಡಿದರೆ ಸಾಕು. ಪೇ ಸ್ಲಿಪ್‌ನಲ್ಲಿ ಕಟ್ ಆಗಿದ್ದು, ಪಾಸ್‌ಬುಕ್‌ನಲ್ಲಿ ಆ ತಿಂಗಳ ಸಾಲೇ ಇಲ್ಲದಿದ್ದರೆ ಮೊದಲು ಎಚ್‌ಆರ್‌ಗೆ ಮೇಲ್ ಹಾಕಿ. ಬಾಯಲ್ಲಿ ಕೇಳಬೇಡಿ, ಬರಹದಲ್ಲಿ ಇರಲಿ. ಎರಡನೇ ತಿಂಗಳೂ ಬರದಿದ್ದರೆ epfigms.gov.in ನಲ್ಲಿ ಪೇ ಸ್ಲಿಪ್ ಲಗತ್ತಿಸಿ ದೂರು ಕೊಡಬಹುದು.

ಅಪ್ಪನ ಎದುರಿಗೇ ನನ್ನದನ್ನು ತೆರೆದೆ. ಹದಿನೆಂಟು ತಿಂಗಳ ಸಾಲು, ಒಂದೊಂದರಲ್ಲೂ ಮೂರು ಸಾವಿರ, ಮೂರು ಸಾವಿರ. ಬಡ್ಡಿ ಬಿಟ್ಟು 1,08,000. ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು. "ಇದನ್ನ ಮುಟ್ಟಬೇಡ" ಅಂದ. ಕೆಲಸ ಬದಲಾಯಿಸಿದರೂ ಅದೇ ಯುಎಎನ್ ಕೊಟ್ಟು ಹೊಸ ಕಂಪನಿಗೆ ವರ್ಗ ಮಾಡಿಸಿಕೊಳ್ಳಬೇಕು, ತೆಗೆದು ಖರ್ಚು ಮಾಡಬಾರದು ಅಂತ ನಾನೂ ಹೇಳುತ್ತೇನೆ.

ಐದನೆಯದು: ಸಾಲದ ಕಂತು ಯಾವ ಅಂಕಿಯ ಮೇಲೆ?

ಕೊನೆಗೆ ತಾರಸಿ ಮಾತಿಗೆ ಬಂದೆವು. 36,800ರಲ್ಲಿ ಬೆಂಗಳೂರಿನ ರೂಮಿಗೆ ನನ್ನ ಪಾಲು 8,000. ಊಟ, ಬಸ್ಸು, ಫೋನು ಅಂತ 11,000. ಮನೆಗೆ ಕಳಿಸೋದು 5,000. ಉಳಿಯೋದು 12,800. ಅದರಲ್ಲಿ 15,000 ಕಂತು ಕಟ್ಟೋಕೆ ಬರಲ್ಲ. ಐವತ್ತರ ಲೆಕ್ಕದಲ್ಲಿ ಇದೇ ಕಂತು ಸಲೀಸಾಗಿ ಕಂಡಿತ್ತು. ಬ್ಯಾಂಕಿನವರೂ ಸಾಲ ಕೊಡುವಾಗ ಕೇಳೋದು ಪೇ ಸ್ಲಿಪ್ ಮತ್ತು ಖಾತೆಯ ಸ್ಟೇಟ್‌ಮೆಂಟನ್ನೇ.

ಅಪ್ಪ ಹಾಳೆಯ ಮೂಲೆಯಲ್ಲಿ ತಾನೇ 8,000 ಅಂತ ಬರೆದು ಅಡಿಗೆರೆ ಹಾಕಿದ. ಅಷ್ಟು ಕಂತಿಗೆ ಎಷ್ಟು ಸಾಲ ಸಿಗುತ್ತೋ ಅಷ್ಟರಲ್ಲಿ ಅಡುಗೆಮನೆ ಕಡೆಯ ಅರ್ಧಕ್ಕೆ ಮೊದಲು ತಾರಸಿ. ವೇರಿಯಬಲ್ ಬಂದ ವರ್ಷ ಅದನ್ನು ಅಸಲಿಗೆ ಕಟ್ಟೋದು. ಉಳಿದರ್ಧ ಆಮೇಲೆ. ಅಷ್ಟೊತ್ತಿಗೆ ಹೊರಗೆ ಕಿಚ್ಚು ಹಾಯಿಸೋಕೆ ಹುಲ್ಲು ಹಾಸುತ್ತಿದ್ದರು. ಅಪ್ಪ ಹಾಳೆ ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡು ದನ ಬಿಚ್ಚೋಕೆ ಹೋದ.

ಫೆಬ್ರವರಿ ಸಂಬಳ ಬಂದ ದಿನ ಸಂಜೆ ಫೋನ್ ಮಾಡಿದ್ದ. ಊಟ ಆಯ್ತಾ ಅಂತ ಕೇಳೋದಕ್ಕೂ ಮುಂಚೆ ಕೇಳಿದ್ದು ಇದು: "ಈ ತಿಂಗಳು ನೂರು ಕಮ್ಮಿ ಬಂದಿರಬೇಕಲ್ಲ, ಮೂವತ್ತಾರು ಸಾವಿರದ ಏಳುನೂರು. ಸರಿಯಾಗಿ ಬಂತಾ?"